ಕೆಂಚವ್ವನ ಕಾಯಿದೆ ಮತ್ತು ಬುಡನಸಾಬನ ಗಿರಣಿ

ರಾಜ್ಯ ಕಟ್ಟಲು ಕೆಲವರಿಗೆ ಆನೆ ಬೇಕು, ಕುದುರೆ ಬೇಕು, ಕೋಟೆ ಬೇಕು. ಕೆಂಚವ್ವನಿಗೆ ಒಂದು ಖಾಲಿ ಎಣ್ಣೆ ಡಬ್ಬಿ ಸಾಕಾಯಿತು. ಅದನ್ನು ಬುಡನಸಾಬನ ಗಿರಣಿಯ ಬಾಗಿಲ ಬಾಜು ಬೋರಲು ಹಾಕಿ, ಮೇಲೆ ಒಂದು ಗೋಣಿತಾಟಿನ ತುಂಡು ಮಡಿಚಿಟ್ಟು, ಸೆರಗು ಬಿಗಿದು ಕೂತಳೆಂದರೆ ಮುಗಿಯಿತು. ಯಾರ ಜೋಳ ಮೊದಲು, ಯಾರ ಗೋದಿ ಆಮೇಲೆ ಎಂಬ ಮಾತಿಗೆ ಅವಳ ಬಾಯಿಯೇ ಕಡೆಯ ಕೋರ್ಟು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಇತ್ತು ಎಂದು ತಿಳಿದವರು ಒಂದು ಸಲ ಪ್ರಯತ್ನಿಸಿದರು, ಎರಡನೆಯ ಸಲ ಪ್ರಯತ್ನಿಸಲಿಲ್ಲ.

ಊರು ಶಲವಡಿಯ ಆಚೆ, ಎರೆಹೊಲಗಳ ನಡುವೆ. ಕಾಲ ಎಂಬತ್ತರ ದಶಕದ ನಡುಮಧ್ಯ. ಊರಿಗೆ ಕರೆಂಟು ಬಂದಿದೆ ಎಂದು ಸರಕಾರ ಹೇಳುತ್ತಿತ್ತು. ಬಂದುಹೋಗುತ್ತದೆ ಎಂದು ಊರವರು ತಿದ್ದುತ್ತಿದ್ದರು. ಅದರಲ್ಲೂ ಬೇಸಿಗೆ ಬಂತೆಂದರೆ, ದೂರದ ಆಣೆಕಟ್ಟುಗಳಲ್ಲಿ ನೀರು ಇಳಿದಂತೆ ಇಲ್ಲಿ ಗಿರಣಿಯ ಮೋಟರಿನ ಉಸಿರೂ ಇಳಿಯುತ್ತಿತ್ತು. ಮುಂಜಾನೆ ಯಾವಾಗಲೋ ಬಂದ ಕರೆಂಟು ಹೊತ್ತು ಏರುವುದರೊಳಗೆ ಹೇಳದೆ ಕೇಳದೆ ಎದ್ದುಹೋಗುವುದು. ಅಷ್ಟರಲ್ಲೇ ಇಡೀ ಊರಿನ ರೊಟ್ಟಿಯ ಹಿಟ್ಟು ಆ ಒಂದೇ ಜೋಡಿ ಕಲ್ಲಿನ ನಡುವಿನಿಂದ ಇಳಿಯಬೇಕು. ಮನೆಮನೆಯ ಬೀಸುಕಲ್ಲುಗಳು ಆಗಲೇ ಹಿತ್ತಲು ಸೇರಿದ್ದವು; ಕೋಳಿಗಳು ಅವುಗಳ ಮೇಲೆ ನಿಂತು ಕೂಗುತ್ತಿದ್ದವು. ಹೊಸ ಸೊಸೆಯಂದಿರಿಗೆ ಅದರ ಗೂಟ ಯಾವ ಕೈಯಲ್ಲಿ ಹಿಡಿಯುವುದೆಂದೂ ಗೊತ್ತಿರಲಿಲ್ಲ.

ಕೆಂಚವ್ವ ಗಿರಣಿಗೆ ಬಂದದ್ದು ಅವಳ ಸೊಸೆಯ ದೆಸೆಯಿಂದ. ಸೊಸೆ ಕೆಟ್ಟವಳಾಗಿದ್ದರೆ ಕೆಂಚವ್ವನ ಮುಪ್ಪು ಸುಖವಾಗಿ ಜಗಳದಲ್ಲಿ ಕಳೆಯುತ್ತಿತ್ತು. ಆದರೆ ಬಂದ ಹುಡುಗಿ ಅಗದಿ ಚೊಕ್ಕ ಸಂಸಾರಸ್ಥೆ. ಹಾಲು ಉಕ್ಕಲಿಲ್ಲ, ಸಾರು ಕೆಡಲಿಲ್ಲ, ಕೊಟ್ಟಿಗೆಯಲ್ಲಿ ಸಗಣಿ ಉಳಿಯಲಿಲ್ಲ. ಬೈಯಲು ಒಂದೂ ಕಾರಣ ಸಿಗದೆ ಕೆಂಚವ್ವ ಎರಡು ತಿಂಗಳಲ್ಲಿ ಬಡಕಲಾದಳು. ಗಂಡ ತೀರಿದ ಮೇಲೆ ಎರಡು ಎಕರೆ ಹೊಲ, ಒಬ್ಬ ಮಗ, ಒಂದು ಎಮ್ಮೆ, ನಾಲ್ಕು ಮಂದಿ ದಾಯಾದಿಗಳನ್ನು ಏಕಾಂಗಿಯಾಗಿ ಆಳಿದ ಬಾಯಿ ಅದು. ಅದಕ್ಕೆ ಹೊಸ ನಾಡು ಬೇಕಿತ್ತು.

ಆ ನಾಡು ಸಿಕ್ಕ ದಿನವನ್ನು ಊರು ಇನ್ನೂ ನೆನೆಯುತ್ತದೆ. ಆಗ ಗಿರಣಿಯಲ್ಲಿ ಪಾಳಿ ಅಂದರೆ ಪಾಳಿ. ಮೊದಲು ಬಂದವರದು ಮೊದಲು. ನ್ಯಾಯವಾಗಿಯೇ ಇದೆಯಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಒಂದು ನಸುಕಿನಲ್ಲಿ ಗೌಡ ಶಿದ್ಲಿಂಗಪ್ಪನ ಮನೆಯ ಆಳು ಮದುವೆಯ ಹಿಟ್ಟಿಗೆಂದು ಚೀಲಗಟ್ಟಲೆ ಜೋಳ ತಂದು ಬಾಗಿಲಿಗೆ ಒರಗಿಸಿ ನಿಂತ. ಅವನ ಹಿಂದೆ ಒಂದೊತ್ತಿನ ಜೋಳ ಹಿಡಿದ ಹೆಂಗಸರ ಸಾಲು ಊರ ಅಗಸಿಬಾಗಿಲ ತನಕ. ಕರೆಂಟು ಬಂತು. ಗೌಡರ ಚೀಲ ಗಿರಣಿಯ ಬಾಯಿಗೆ ಬಿತ್ತು. ಕಲ್ಲು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಚೀಲ ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಸಾಲಿಗೆ ಸಾಲೇ ಖಾಲಿ ಕೈಯಲ್ಲಿ ನಿಂತಿತು.

ಆಗ ಕೆಂಚವ್ವ ಡಬ್ಬಿಯ ಮೇಲೆ ಹತ್ತಿ ನಿಂತಳು. ಕೂರುವ ಪದ್ಧತಿ ಆಮೇಲೆ ಬಂತು.

"ಏ ಬುಡನಸಾಬಾ, ಒಂದ ಮಾತ ಹೇಳ. ಗೌಡರ ಚೀಲದ ಹಿಂದ ನಮ್ಮ ಡಬ್ಬಿ ನಿಂತ್ರ ಏನಾತು? ಊರಿಗೂರ ಉಪಾಸ ಬಿತ್ತು. ನಮ್ಮ ಡಬ್ಬಿ ಎಲ್ಲಾ ಮುಂದ ಹೋಗಿದ್ರ ಗೌಡರ ಚೀಲಕ್ಕ ಏನ ಆಗತಿತ್ತು?"

ಬುಡನಸಾಬ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಯೋಚಿಸಿದ. "ಒಂದ ತಾಸು ಕುಂದರತಿತ್ತು ನೋಡಬೇ."

"ಕುಂದರಲಿ. ಚೀಲಕ್ಕೇನ ಕಾಲ ನೋಯತಾವ? ನಾಳಿಂದ ಸಣ್ಣವು ಮೊದಲ, ದೊಡ್ಡವು ಆಮ್ಯಾಲೆ. ಕೇಳಿದವ್ರಿಗೆ ಕೆಂಚವ್ವ ಹೇಳ್ಯಾಳ ಅನ್ನು."

ಮರುದಿನದಿಂದ ಹಾಗೆಯೇ ನಡೆಯಿತು. ಅದೇ ಕಲ್ಲು, ಅದೇ ಕರೆಂಟು, ಅಷ್ಟೇ ಜೋಳ. ಆದರೆ ಬಿಸಿಲೇರುವ ಮೊದಲೇ ಮುಕ್ಕಾಲು ಊರು ಹಿಟ್ಟು ಹೊತ್ತು ಮನೆ ಸೇರುತ್ತಿತ್ತು. ಏನೂ ಹೆಚ್ಚಿಸದೆ ಬರೀ ಹಿಂದುಮುಂದು ಮಾಡಿ ಇಷ್ಟು ಮಂದಿಯ ಕಾಯುವ ಹೊತ್ತನ್ನು ಕಡಿಮೆ ಮಾಡಿದ ಕೆಂಚವ್ವನ ಕೀರ್ತಿ ಪಕ್ಕದ ಎರಡು ಊರಿಗೆ ಹಬ್ಬಿತು. ಗೌಡರೂ ಸುಮ್ಮನಾದರು. ತಮ್ಮ ಚೀಲ ಹೇಗಿದ್ದರೂ ಆಳು ಕಾಯುತ್ತಾನೆ, ತಾವಲ್ಲ.

ಎರಡನೆಯ ಕಾಯಿದೆ ಬಣ್ಣದ್ದು. ಅದನ್ನು ಬೇಡಿದವನು ಬುಡನಸಾಬನೇ. ಜೋಳದ ಹಿಂದೆ ಕಡಲೆ, ಕಡಲೆಯ ಹಿಂದೆ ಮತ್ತೆ ಜೋಳ, ಅದರ ಹಿಂದೆ ಗೋದಿ ಎಂದು ಬಂದಂತೆ ಹಾಕಿದರೆ ಪ್ರತಿ ಸಲ ಕಲ್ಲು ಬರಿದಾಗುವ ತನಕ ಬಿಡಬೇಕು, ನಿಲ್ಲಿಸಿ ಬಿಚ್ಚಬೇಕು, ಕುಂಚದಿಂದ ಉಜ್ಜಬೇಕು. ಅಷ್ಟು ಮಾಡಿಯೂ ಮುಂದಿನವರ ಹಿಟ್ಟಿನಲ್ಲಿ ಹಿಂದಿನವರ ರುಚಿ. ಕರೆಂಟು ಮಾತ್ರ ಅಷ್ಟು ಹೊತ್ತೂ ಸುಮ್ಮನೆ ಹರಿದುಹೋಗುತ್ತಿತ್ತು. ಕೆಂಚವ್ವ ಒಂದೇ ಮಾತಿನಲ್ಲಿ ಬಗೆಹರಿಸಿದಳು: ಮೊದಲು ಬಿಳಿ ಜೋಳ ಎಲ್ಲಾ ಒಟ್ಟಿಗೆ, ಆಮೇಲೆ ಗೋದಿ ಎಲ್ಲಾ ಒಟ್ಟಿಗೆ, ಆಮೇಲೆ ಕಡಲೆ. ಎಲ್ಲಕ್ಕೂ ಕೊನೆಗೆ ಮೆಣಸಿನಕಾಯಿ. ಖಾರ ಬಿದ್ದ ಕಲ್ಲನ್ನು ರಾತ್ರಿ ಬಿಚ್ಚಿ ತಿಕ್ಕಿ, ಮರುದಿನ ಕಸದ ಜೋಳ ಒಂದಿಷ್ಟು ಹಾಯಿಸಿದರೆ ಮತ್ತೆ ಬಿಳಿಗೆ ಸಜ್ಜು.

ಇದಿಷ್ಟೂ ಆಯಿತು, ಇನ್ನು ವಿನಾಯಿತಿಗಳು, ಖಾರ ಒಂದನ್ನು ಬಿಟ್ಟು. ಬಾಣಂತಿಯ ಮನೆಯ ಹಿಟ್ಟು, ಬೇನೆ ಬಿದ್ದವರ ಗಂಜಿಯ ನುಚ್ಚು, ಇವಕ್ಕೆ ಸಾಲಿಲ್ಲ. ನೇರ ಗಿರಣಿಯ ಬಾಯಿಗೆ. ಬೀಗರು ಬಂದ ಮನೆಗೂ ಮುಂದಿನ ಪಾಳಿ ಉಂಟು. ಆದರೆ ಒಬ್ಬಾಕೆ ವಾರದಲ್ಲಿ ಮೂರು ದಿನ ಬೀಗರನ್ನು ಬರಮಾಡಿಕೊಂಡದ್ದು ಕಂಡು ಕೆಂಚವ್ವ, "ಬೀಗರನ್ನ ಇಲ್ಲಿಗೇ ಕರಕೊಂಡ ಬಾರಬೇ, ನಾನೂ ಒಂದ ಮಾತ ಆಡಿಸಿ ಕಳಸ್ತೀನಿ" ಅಂದ ಮೇಲೆ ಊರಿಗೆ ಬೀಗರು ಬರುವುದು ತಕ್ಕ ಮಟ್ಟಿಗೆ ಇಳಿಯಿತು.

ಹೀಗೆ ಬಿಸಿಲಿಗೂ ದಣಿಯದೆ ನಡೆಯುತ್ತಿದ್ದ ಆಳ್ವಿಕೆಗೆ ಸವಾಲು ಬಂದದ್ದು ಹೊರಗಿನಿಂದಲ್ಲ, ಒಂದೇ ಹೊಟ್ಟೆ ಹಂಚಿಕೊಂಡು ಹುಟ್ಟಿದವಳಿಂದ. ಒಂದು ಸೋಮವಾರ ಅವಳ ಸ್ವಂತ ತಂಗಿ ಮಲ್ಲಕ್ಕ ಒಂದು ಚೀಲ ಒಣ ಮೆಣಸಿನಕಾಯಿ ಹೊರಿಸಿಕೊಂಡು ಬಂದು ಸಾಲಿನಲ್ಲಿ ನಿಂತಳು.

ಮಲ್ಲಕ್ಕನ ಮಗಳು ಸಾವಕ್ಕ ಹೆರಿಗೆಗೆ ಬಂದವಳು, ಐದು ತಿಂಗಳ ಕೂಸಿನೊಂದಿಗೆ ಕಲಘಟಗಿಯ ಗಂಡನ ಮನೆಗೆ ಹೊರಟು ನಿಂತಿದ್ದಳು. ಶುಕ್ರವಾರ ಬೀಗರು ಕರೆಯಲು ಬರುವವರು. ಅವರದು ಭತ್ತದ ಸೀಮೆ. ಎರೆಹೊಲದ ಮೆಣಸಿನಕಾಯಿಯ ಖಾರ ಅಂದರೆ ಜೀವ ಬಿಡುತ್ತಿದ್ದರು. ತವರಿನಿಂದ ಸೊಸೆ ವರ್ಷದ ಖಾರ ತರಬೇಕು ಎಂಬುದು ಮಾತಿನಲ್ಲಿ ಆಡದ, ಆದರೆ ಎಲ್ಲರಿಗೂ ತಿಳಿದ ಕರಾರು. ಅದಕ್ಕೇ ಊರಿನ ಉಳಿದವರ ಮೆಣಸಿನಕಾಯಿ ಇನ್ನೂ ಮಾಳಿಗೆಯ ಮೇಲೆ ಒಣಗುತ್ತಿರುವಾಗಲೇ ಮಲ್ಲಕ್ಕ ತನ್ನದನ್ನು ಒಣಗಿಸಿ, ತೊಟ್ಟು ಬಿಡಿಸಿ ತಂದಿದ್ದಳು. ಮನೆಯಲ್ಲಿ ಕುಟ್ಟುವಂತಿಲ್ಲ, ಇದ್ದ ಒಂದೇ ಅಂಕಣದಲ್ಲಿ ಕೂಸು ಮಲಗುತ್ತದೆ, ಆ ಘಾಟಿಗೆ ಹಸುಗೂಸಿನ ಉಸಿರು ಹಿಡಿದೀತು. ಅಣ್ಣಿಗೇರಿಗೆ ಒಯ್ದರೆ ಅಲ್ಲಿ ಖಾರದ ಪಾಳಿ ವಾರಗಟ್ಟಲೆ. ಬುಡನಸಾಬನ ಕಲ್ಲೇ ಗತಿ.

"ಅಕ್ಕಾ, ನಂದೊಂದ ಚೀಲ ಐತಿ" ಎಂದಳು ಮಲ್ಲಕ್ಕ.

"ಕಾಣತೈತಿ. ಏನೈತಿ ಅದರಾಗ?"

"ಖಾರ."

"ಕಡೀಕ ನಿಲ್ಲು."

ತಂಗಿ ಎಂದು ಒಂದು ನಗು ಕೂಡ ಬರಲಿಲ್ಲ. ಬರುವುದಾದರೂ ಹೇಗೆ? ಸಾಲಿನಲ್ಲಿದ್ದ ಎಲ್ಲರ ಕಣ್ಣೂ ಕೆಂಚವ್ವನ ಮುಖದ ಮೇಲೆ. ಇವತ್ತು ತಂಗಿಯ ಚೀಲ ಒಂದು ಮೊಳ ಮುಂದೆ ಸರಿದರೆ ನಾಳೆ ಡಬ್ಬಿ ಬರಿ ಡಬ್ಬಿಯಾಗುತ್ತದೆ. ಮಲ್ಲಕ್ಕನೂ ತಕರಾರು ಮಾಡಲಿಲ್ಲ. ಖಾರ ಕೊನೆಗೆ ಎಂಬುದು ಅವಳಿಗೂ ಒಪ್ಪಿಗೆಯೇ; ಅವಳೂ ರೊಟ್ಟಿ ತಿನ್ನುವವಳು.

ಸೋಮವಾರ ಜೋಳ ಮುಗಿಯಿತು, ಗೋದಿ ಮುಗಿಯಿತು, ಕಡಲೆ ಕಲ್ಲಿನ ಮೇಲಿದ್ದಾಗ ಕರೆಂಟು ಹೋಯಿತು. ಮಂಗಳವಾರ ಗೋದಿಯ ನಡುವೆಯೇ ಹೋಯಿತು. ಮಂಗಳವಾರ ಗೋದಿಯೂ ಮುಗಿಯದೆ ಉಳಿದದ್ದಕ್ಕೆ ಕರೆಂಟಿನ ತಪ್ಪು ಅರ್ಧ, ಉಳಿದರ್ಧ ಗೌಡರ ಸೊಸೆ ನೀಲಗಂಗವ್ವನದು.

ನೀಲಗಂಗವ್ವ ನವಲಗುಂದದ ಹೆಣ್ಣು, ಚುರುಕು ಬುದ್ಧಿ. ಸಣ್ಣವು ಮೊದಲು ಎಂಬ ಕಾಯಿದೆಯನ್ನು ಅವಳು ಬೈಯಲಿಲ್ಲ, ಮುರಿಯಲಿಲ್ಲ, ಪಾಲಿಸಿದಳು. ಮಂಗಳವಾರ ಒಂದು ಚೀಲ ಜೋಳವನ್ನು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ತುಂಬಿ, ಒಂದೊಂದಕ್ಕೆ ಮನೆಯ ಒಬ್ಬೊಬ್ಬ ಹೆಣ್ಣಾಳನ್ನು ಜೊತೆ ಮಾಡಿ ಕಳಿಸಿದಳು. ಪ್ರತಿ ಡಬ್ಬಿಯೂ ಒಂದೊತ್ತಿನ ಜೋಳ. ಪ್ರತಿ ಡಬ್ಬಿಗೂ ಮುಂದಿನ ಪಾಳಿ. ಮಧ್ಯಾಹ್ನ ನೋಡಿದರೆ ಗೌಡರ ಇಡೀ ಚೀಲ ಹಿಟ್ಟಾಗಿ ಮನೆ ಸೇರಿದೆ, ನಡುಗಾತ್ರದ ಬುಟ್ಟಿಯವರು ಕಣ್ಣು ಕಣ್ಣು ಬಿಡುತ್ತಿದ್ದಾರೆ.

ಊರು ಬುದ್ಧಿ ಕಲಿಯಲು ಒಂದು ದಿನ ಸಾಕಾಯಿತು. ಬುಧವಾರ ಗಿರಣಿಯ ಮುಂದೆ ಡಬ್ಬಿಗಳ ದಂಡು ಇಳಿಯಿತು. ಎಣ್ಣೆ ಡಬ್ಬಿ, ಬಿಸ್ಕೀಟು ಡಬ್ಬಿ, ತಂಬಿಗೆ, ಚರಿಗೆ, ಒಬ್ಬಾಕೆ ದೇವರ ಮುಂದಿನ ತಾಟನ್ನೇ ಎತ್ತಿ ತಂದಿದ್ದಳು.

ಸಾಲಿನಲ್ಲಿ ನಿಂತಿದ್ದ ಹಲೀಮಾಬಿ, ಜಮಖಾನೆ ನೇಯುವ ಮನೆಯವಳು, ಎಣಿಸಲಾಗದೆ ಕೈ ಬಿಟ್ಟು ನಕ್ಕಳು. "ಕೆಂಚಕ್ಕಾ, ಊರಾಗ ಮಂದಿಗಿಂತ ಡಬ್ಬಿನ ಹೆಚ್ಚ ಅದಾವಲ್ಲ! ಇನ್ನ ಸ್ವಲ್ಪ ದಿವಸಕ್ಕ ಚಮಚಾದಾಗ ತರತಾರ ನೋಡ."

"ನಗಬ್ಯಾಡ, ನಿನ್ನ ಕೈಯಾಗೂ ಮೂರ ಅದಾವು."

"ನಾ ಏನ ಹುಚ್ಚಿ ಅದೀನೇನ? ಎಲ್ಲಾರೂ ತಂದಾರ, ನಾ ಒಬ್ಬಾಕಿನ ಬುಟ್ಟಿ ತಂದ ಹಿಂದ ನಿಂದರಲೇನ?"

ಅತ್ತ ಬುಡನಸಾಬನಿಗೆ ಅಳು ಒಂದು ಬಾಕಿ. ಒಂದು ಬುಟ್ಟಿಯಾದರೆ ಒಮ್ಮೆ ಸುರುವಿ ಒಮ್ಮೆ ತುಂಬಿಸಿದರೆ ಆಯಿತು. ಡಬ್ಬಿ ಡಬ್ಬಿಗೂ ಕಲ್ಲು ಬರಿದಾಗಬೇಕು, ಹಿಟ್ಟು ಇಳಿಯುವ ಬಟ್ಟೆಯ ಸೊಂಡಿಲು ಝಾಡಿಸಬೇಕು, ಇಲ್ಲದಿದ್ದರೆ "ನನ್ನ ಹಿಟ್ಟ ಅಕಿ ಡಬ್ಬ್ಯಾಗ ಬಿತ್ತು" ಎಂದು ಕೂಗು. ಕಲ್ಲು ಬೀಸುವುದಕ್ಕಿಂತ ಹೆಚ್ಚು ಹೊತ್ತು ಕಾಯುತ್ತಿತ್ತು. ಜೋಳ ಅಷ್ಟೇ, ಕರೆಂಟು ಅಷ್ಟೇ, ಆದರೆ ಹಿಟ್ಟು ಕಡಿಮೆ. ಬುಧವಾರ ಗೋದಿಯ ಪಾಳಿಯೂ ಬರಲಿಲ್ಲ. ಮೂಲೆಯಲ್ಲಿ ಕೆಂಪು ಚೀಲ ಒಬ್ಬಂಟಿಯಾಗಿ ಕೂತಿತ್ತು. ಅದರ ಪಕ್ಕದಲ್ಲಿ ಮಲ್ಲಕ್ಕ.

ಕರೆಂಟು ಹೋಗಿ, ಮಂದಿ ಕರಗಿದ ಮೇಲೆ ಮಲ್ಲಕ್ಕ ಎದ್ದಳು. ಅಕ್ಕನ ಮುಂದೆ ಬಂದು ನಿಂತಳು. ಕೂಗಲಿಲ್ಲ. ಕೂಗಿದ್ದರೆ ಕೆಂಚವ್ವನಿಗೆ ಸುಲಭವಾಗುತ್ತಿತ್ತು.

"ನಿನ್ನ ಕಾಯಿದೇ ಛಲೋ ಐತಿ ಅಕ್ಕಾ. ಯಾರ ಏನ ಅನ್ನಲಿ, ಊರಿಗೆ ಛಲೋ ಆಗೇತಿ. ಆದ್ರ ಒಂದ ಕೇಳ್ತೀನಿ. ಸೋಮವಾರ ಬಂದಾಕಿ ನಾನು. ಇವತ್ತ ಮುಂಜಾನೆ ಎದ್ದ ಬಂದಾಕಿ ಹಿಟ್ಟ ಒಯ್ದಳು. ನಾಳೆ ಬರಾಕಿ, ಇನ್ನೂ ಜೋಳ ಕೇರಾಕೂ ಕುಂತಿಲ್ಲ, ಅಕೀನೂ ನನ್ನ ಮುಂದ. ನನ್ನ ಪಾಳಿ ಯಾವತ್ತ ಬರೋದು? ಜ್ವಾಳ ತಿನ್ನೋದ ಊರು ಬಿಟ್ಟಾಗನ?"

"ಖಾರ ಕಡೀಕ, ಮಲ್ಲಿ. ಕಲ್ಲು..."

"ಕಲ್ಲಿಂದ ನನಗೂ ಗೊತ್ತೈತಿ. ನಾಡದು ಬೀಗ್ತಿ ಬರತಾಳ. ಬರೇ ಕೈಲೇ ಕಳಸಿದ್ರ ನನ್ನ ಮಗಳು ಒಂದ ವರ್ಷ ಮಾತ ಕೇಳಬೇಕು. ನೀ ಅಕಿ ದೊಡ್ಡವ್ವ ಅದೀ. ಅದನ್ನೂ ನಿನ್ನ ಕಾಯಿದೇದಾಗ ಎಲ್ಲರೆ ಹಾಕು."

ಇಷ್ಟು ಹೇಳಿ ಹೋದಳು. ಚೀಲ ಅಲ್ಲಿಯೇ ಇತ್ತು. ಮೂಲೆಯಿಂದ ಅಕ್ಕನ ಮುಖವನ್ನೇ ನೋಡುತ್ತಿತ್ತು.

ಸಂಜೆ ಕೆಂಚವ್ವ ಮನೆಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಳು, ಉಗುಳಿದಳು, ಮತ್ತೆ ಹಾಕಿಕೊಂಡಳು. ಸೊಸೆ ಎರಡು ಸಲ ಊಟಕ್ಕೆ ಕರೆದಳು. ಸೋತೆ ಎಂಬ ಯೋಚನೆ ಕೆಂಚವ್ವನ ತಲೆಯ ಹತ್ತಿರವೂ ಸುಳಿಯಲಿಲ್ಲ; ಅಂಥ ಯೋಚನೆಗಳಿಗೆ ಅಲ್ಲಿ ಪಾಳಿ ಸಿಗುತ್ತಿರಲಿಲ್ಲ. ಅವಳಿಗೆ ಕಂಡದ್ದು ಬೇರೆ. ತನ್ನ ರಾಜ್ಯದಲ್ಲಿ ಎಲ್ಲರೂ ಎಷ್ಟು ತಂದರು, ಏನು ತಂದರು ಎಂದು ನೋಡಿದ್ದಾಯಿತು; ಯಾವಾಗಿನಿಂದ ಕಾಯುತ್ತಿದ್ದಾರೆ ಎಂದು ಕೇಳಿದ್ದೇ ಇಲ್ಲ. ಬಂದ ಸಣ್ಣವರೆಲ್ಲಾ ಮುಂದೆ, ಬಂದ ಬಿಳಿಯದೆಲ್ಲಾ ಮುಂದೆ. ಬರುವುದಂತೂ ನಿಲ್ಲುವುದಿಲ್ಲ, ಊರು ನಾಳೆಯೂ ಉಣ್ಣುತ್ತದೆ. ಅಂದ ಮೇಲೆ ಕೊನೆಗೆ ನಿಂತ ಚೀಲಕ್ಕೆ ಕೊನೆ ಎಂಬುದೇ ಇಲ್ಲ.

"ಹೌದಲ್ಲ ಲೇ!" ಎಂದು ಜೋರಾಗಿ ತನಗೇ ಹೇಳಿಕೊಂಡಳು. ಎಮ್ಮೆ ಬೆಚ್ಚಿ ತಿರುಗಿ ನೋಡಿತು.

ಊಟ ಮಾಡಿದಳು, ಗಟ್ಟಿಯಾಗಿ ನಿದ್ದೆ ಮಾಡಿದಳು. ಮುಂಜಾನೆ ಎದ್ದವಳೇ ತನ್ನ ಮನೆಯ ವಾರದ ಜೋಳವನ್ನು ಬುಟ್ಟಿಗೆ ಹಾಕಿಕೊಂಡು ಹೊರಟಳು.

"ಅತ್ತೀ, ಇನ್ನೂ ಹಿಟ್ಟ ಐತಲ್ರಿ" ಎಂದಳು ಸೊಸೆ.

"ಇರಲಿ. ಇವತ್ತ ರಾಜಕೀಯ ಐತಿ."

ಗುರುವಾರದ ಗಿರಣಿಯ ಮುಂದೆ ಬುಧವಾರಕ್ಕಿಂತ ಹೆಚ್ಚು ಡಬ್ಬಿಗಳು. ಮಲ್ಲಕ್ಕ ಆಗಲೇ ತನ್ನ ಚೀಲದ ಪಕ್ಕದಲ್ಲಿದ್ದಳು, ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ನೀಲಗಂಗವ್ವ ಇವತ್ತು ಸ್ವತಃ ಬಂದಿದ್ದಳು, ಸುತ್ತಲೂ ತನ್ನ ಡಬ್ಬಿಗಳ ಪರಿವಾರ. ಇಮಾಮುದ್ದೀನ ತನ್ನ ಎಮ್ಮೆಗಳಿಗೆ ನುಚ್ಚು ಒಡೆಸಲು ಒಂದು ಚೀಲ ಗೊಂಜಾಳ, ಅಂದರೆ ಮೆಕ್ಕೆಜೋಳ, ತಂದು ಬೇವಿನ ನೆರಳಿನಲ್ಲಿ ಕೂತು ಬೀಡಿ ಹಚ್ಚಿದ್ದ. ಅವನಿಗೆ ಅವಸರವಿರಲಿಲ್ಲ, ದೊಡ್ಡ ಚೀಲದವರು ಅವಸರ ಮಾಡುವುದನ್ನು ಮರೆತು ಬಹಳ ದಿನವಾಗಿತ್ತು.

ಕೆಂಚವ್ವ ಡಬ್ಬಿಯ ಮೇಲೆ ಕೂರಲಿಲ್ಲ, ಹತ್ತಿ ನಿಂತಳು.

"ಕೇಳ್ರಿ ಎಲ್ಲಾರೂ. ಮೊದಲನೇದು: ಇವತ್ತಿಂದ ಡಬ್ಬಿ ಲೆಕ್ಕ ಇಲ್ಲ, ಒಲಿ ಲೆಕ್ಕ. ಒಂದ ಒಲಿಗೆ ಒಂದ ಪಾಳಿ. ಒಂದ ಮನ್ಯಾಗಿಂದ ಎಷ್ಟ ಡಬ್ಬಿ ಬಂದ್ರೂ ಎಲ್ಲಾ ಒಂದ ಬುಟ್ಟಿಗೆ ಸುರವಿ, ಅದ ಎಷ್ಟ ಆಗತೈತಿ ನೋಡಿ ಪಾಳಿ."

ನೀಲಗಂಗವ್ವನ ಪರಿವಾರ ಒಬ್ಬರ ಮುಖ ಒಬ್ಬರು ನೋಡಿತು. ಹಲೀಮಾಬಿ ತನ್ನ ಮೂರು ಡಬ್ಬಿಗಳನ್ನು ಸದ್ದಿಲ್ಲದೆ ಒಂದಕ್ಕೆ ಸುರುವಿಕೊಂಡಳು.

"ಎರಡನೇದು: ಸಣ್ಣವು ಮೊದಲ, ಖರೇ. ಆದ್ರ ಎರಡ ದಿವಸ ಹಿಂದ ಉಳಿದದ್ದು ಮೂರನೇ ದಿವಸ ಎಲ್ಲಾರಿಗಿಂತ ಮುಂದ. ಆಗ ಅದು ಸಣ್ಣದೋ ದೊಡ್ಡದೋ, ಬಿಳೇದೋ ಕೆಂಪೋ, ಗೌಡರದೋ ಆಳಿಂದೋ ಕೇಳಂಗಿಲ್ಲ. ಸೋಮವಾರದಿಂದ ಕುಂತದ್ದು ಒಂದ ಚೀಲ ಐತಿ. ಇವತ್ತ ಅದ ಮೊದಲ."

ಒಂದು ಗಳಿಗೆ ಬೇವಿನ ಎಲೆ ಅಲ್ಲಾಡುವುದೂ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು.

"ಖಾರ ಮೊದಲಾ? ನಮ್ಮ ರೊಟ್ಟಿ ಗತಿ ಏನಬೇ?"

"ತಂಗೀದಂತ ಬಂತ ನೋಡ್ರಿ ಕಾಯಿದೇ! ಬರೋದ ಗೊತ್ತಿತ್ತು!"

ನೀಲಗಂಗವ್ವ ಮುಂದೆ ಬಂದಳು. ಅವಳ ಮಾತು ಯಾವಾಗಲೂ ತಣ್ಣಗೆ, ಅಳೆದು ಸುರಿದಂತೆ. "ಆಗಲಿ ದೊಡ್ಡವ್ವಾ. ನಾವು ಒಪ್ಪತೀವಿ. ನೀವು ಹೇಳೋದು ನ್ಯಾಯನೂ ಐತಿ. ಆದ್ರ ಖಾರದ ಹಿಂದ ಯಾರದು ಹಾಕಸ್ತೀರಿ? ಅದೊಂದ ಹೇಳ್ರಿ. ಯಾರದರೆ ಹೆಸರ ಹೇಳ್ರಿ, ಅವರನ್ನೂ ಕೇಳೂಣು."

ಎಲ್ಲರೂ ತಮ್ಮ ತಮ್ಮ ಬುಟ್ಟಿಯನ್ನು ಒಂದಿಷ್ಟು ಹಿಂದೆ ಎಳೆದುಕೊಂಡರು. ಕೇಳಿದ್ದು ಸರಿಯಾದ ಜಾಗಕ್ಕೇ ಬಡಿದಿತ್ತು. ಮಲ್ಲಕ್ಕನ ಚೀಲ ಮೊದಲು ಹೋಗಬಾರದು ಎಂದು ಯಾರ ಹಟವೂ ಇರಲಿಲ್ಲ. ಖಾರದ ಹಿಂದೆ ತಾವು ಹೋಗಬಾರದು, ಅಷ್ಟೇ. ಕಸದ ಜೋಳ ಹಾಯಿಸೋಣವೆಂದರೆ ಬುಡನಸಾಬನ ಹತ್ತಿರ ಅದು ಮುಗಿದಿತ್ತು. ಇಡೀ ಬೇಸಿಗೆ ಖಾರ ಕಲ್ಲಿಗೇ ಬಂದಿರಲಿಲ್ಲವಲ್ಲ, ಅವನು ಕೂಡಿಡುವುದನ್ನೇ ಬಿಟ್ಟಿದ್ದ.

ಆಗಲೇ ಒಳಗೆ ಬಲ್ಬು ಮಿಣುಕಿತು. ಕರೆಂಟು ಬಂತು. ಇನ್ನು ಪ್ರತಿ ಗಳಿಗೆಯ ಜಗಳವೂ ಒಂದೊಂದು ಮನೆಯ ರೊಟ್ಟಿ.

"ಖಾರದ ಹಿಂದ ನಂದು" ಎಂದಳು ಕೆಂಚವ್ವ.

ಬುಟ್ಟಿಯ ಮೇಲಿನ ಬಟ್ಟೆ ಎಳೆದಳು. ಬೆಳ್ಳಗಿನ ಜೋಳ, ಮುತ್ತಿನ ಹಾಗೆ, ಕೇರಿ ಹಸನು ಮಾಡಿದ್ದು, ಒಂದು ವಾರದ್ದು. ಕೆಂಚವ್ವನ ಹೊಲದ ಜೋಳವನ್ನು ಊರೆಲ್ಲಾ ಬಲ್ಲದು.

"ಅಯ್ಯ ಕೆಂಚಕ್ಕಾ, ಹುಚ್ಚ ಹಿಡದೈತೇನ ನಿನಗ? ಆ ಹಿಟ್ಟ ತಿನ್ನಾಕ ಬರತೈತೇನ?" ಎಂದಳು ಹಲೀಮಾಬಿ.

"ಯಾಕ ಬರಂಗಿಲ್ಲ? ನನ್ನ ಬಾಯಿಗಿಂತ ಆ ಖಾರೇನ ಹೆಚ್ಚ ಅಲ್ಲ. ನನ್ನ ಹಿಂದ ಇಮಾಮುದ್ದೀನನ ಗೊಂಜಾಳ. ಏನೋ ಮಾಮಾ, ನಿನ್ನ ಎಮ್ಮಿ ಅಷ್ಟ ಬರೇ ವಾಸನಿಗೆ ಏನರೆ ಅಂತಾವೇನ?"

ಇಮಾಮುದ್ದೀನ ಬೀಡಿ ತೆಗೆದ. "ಅವಕ್ಕ ಬಾಯಿ ಇಲ್ಲ, ಅಂದ್ರೂ ಕೇಳವರ ಯಾರು? ಇಷ್ಟ ಮುಂದ ನನ್ನ ಪಾಳಿ ಬಂದದ್ದ ನನ್ನ ಜಲ್ಮದಾಗ ಇದ ಮೊದಲ. ಹಾಕಬೇ, ಹಾಕು."

"ಎಮ್ಮಿ ಹಿಂದ ಬಿಳೇ ಜೋಳ, ಒಲಿ ಲೆಕ್ಕದಾಗ. ಅಷ್ಟೊತ್ತಿಗೆ ಕಲ್ಲು ಹಾಲಿನಂಗ ಆಗಿರತೈತಿ. ಇನ್ನ ಯಾರಿಗರೆ ತಕರಾರ ಐತೇನ? ಇದ್ರ ಈಗ ಹೇಳ್ರಿ, ಕರೆಂಟಿಗೆ ಕೇಳಂಗ ಹೇಳ್ರಿ."

ಯಾರಿಗೂ ಇರಲಿಲ್ಲ. ಇದ್ದವರಿಗೂ ಅದನ್ನು ಹೇಳುವ ಹೊತ್ತಿರಲಿಲ್ಲ. ಬುಡನಸಾಬ ಮೂಗಿಗೆ ರುಮಾಲು ಬಿಗಿದುಕೊಂಡ, ಮೋಟರು ಗುರುಗುಟ್ಟಿತು, ಪಟ್ಟಾ ಓಡಿತು, ಮಲ್ಲಕ್ಕನ ಮೆಣಸಿನಕಾಯಿ ಗಿರಣಿಯ ಬಾಯಿಗೆ ಬಿತ್ತು.

ಮುಂದಿನ ಸ್ವಲ್ಪ ಹೊತ್ತು ಆ ರಣರಂಗವನ್ನು ನೋಡಲು ಯಾರ ಕಣ್ಣೂ ತೆರೆದಿರಲಿಲ್ಲ. ಸಾಲಿಗೆ ಸಾಲೇ ಸೀನಿತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ಅಗಸಿಯ ಕಡೆ ಓಡಿದರು, ಪಾಳಿ ತಪ್ಪೀತೆಂದು ಅರ್ಧದಿಂದ ವಾಪಸು ಓಡಿಬಂದರು, ಮತ್ತೆ ಸೀನಿದರು. ನೀಲಗಂಗವ್ವ ಒಂದು ಸಲ ಸೀನಿ ಗೌರವ ಕಾಪಾಡಿಕೊಂಡಳು, ಆಮೇಲೆ ಕಾಪಾಡಿಕೊಳ್ಳಲಾಗಲಿಲ್ಲ. ಕೆಂಚವ್ವ ಒಬ್ಬಳೇ ಡಬ್ಬಿಯ ಮೇಲೆ ನೆಟ್ಟಗೆ ಕೂತಿದ್ದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಬಾಯಿ ಮಾತ್ರ ನಿಂತಿರಲಿಲ್ಲ: "ಸುರವು ಬುಡನಸಾಬಾ, ಬಾಜು ಸರಿ ಹಲೀಮಾ, ಯಾರ ಅದು ಮುಂದ ನುಗ್ಗಾಕಿ, ಸೀನಕೋತ ನುಗ್ಗಿದ್ರ ನನಗ ಕಾಣಂಗಿಲ್ಲ ಅಂತ ತಿಳದೀಯೇನ?"

ಕೆಂಪು ಮುಗಿಯಿತು. ಬುಡನಸಾಬ ಕಲ್ಲು ಬಿಚ್ಚಿ ಕುಂಚ ಆಡಿಸಿದ, ಕೂಡಿಸಿದ. ಕೆಂಚವ್ವನ ಜೋಳ ಬಿಳಿಯಾಗಿ ಒಳಗೆ ಹೋಗಿ ಹೊರಗೆ ಬಂದಾಗ ಸಂಜೆಯ ಮುಗಿಲಿನ ಬಣ್ಣವಾಗಿತ್ತು. ಮೊದಮೊದಲು ಕೆಂಪು, ಆಮೇಲೆ ಗುಲಾಬಿ, ಕೊನೆಕೊನೆಗೆ ಬರಿ ನೆರಳು. ಅದರ ಹಿಂದೆ ಎಮ್ಮೆಯ ನುಚ್ಚು. ಅದರ ಹಿಂದೆ ಊರಿನ ಜೋಳ. ಮೊದಲ ಹಿಟ್ಟನ್ನು ಹಲೀಮಾಬಿ ನಾಲಿಗೆಯ ಮೇಲಿಟ್ಟು ನೋಡಿದಳು, ಸಾಲು ಅವಳ ಮುಖವನ್ನೇ ನೋಡಿತು. "ಏನಿಲ್ಲ" ಎಂದಳು. ಸಾಲು ಉಸಿರು ಬಿಟ್ಟಿತು.

ಡಬ್ಬಿಗಳು ಬುಟ್ಟಿಗಳಾಗಿದ್ದರಿಂದ ಬುಡನಸಾಬನ ಕೈ ಮತ್ತೆ ಹಳೆಯ ಓಟ ಹಿಡಿಯಿತು. ಆದರೂ ಖಾರ ತಿಂದ ಹೊತ್ತು ತಿಂದಂತೆಯೇ. ಗೌಡರ ಒಟ್ಟುಗೂಡಿದ ಬುಟ್ಟಿ ಕಲ್ಲಿನ ಹತ್ತಿರ ಬಂದಾಗ ಕರೆಂಟು ಎದ್ದುಹೋಯಿತು. ಜೊತೆಗೆ ಇನ್ನೂ ನಾಲ್ಕಾರು ಮನೆಗಳು ಉಳಿದವು, ಗೋದಿಯವರು ಕಡಲೆಯವರು ಎಲ್ಲಾ ಉಳಿದರು.

"ದೊಡ್ಡವ್ವಾ, ಇವತ್ತ ನಮಗ ಉಪಾಸ ಹಾಕಿದ್ರಿ" ಎಂದಳು ನೀಲಗಂಗವ್ವ, ಕೆಂಪು ಮೂಗು ಒರೆಸಿಕೊಳ್ಳುತ್ತ.

"ನಿಮ್ಮ ಕಣಜ ಉಪಾಸ ಬಿದ್ದದ್ದ ಯಾರ ಕಂಡಾರವ್ವಾ? ಮೊನ್ನಿ ಒಯ್ದದ್ದ ಇನ್ನೂ ಇರತೈತಿ. ಇವತ್ತೊಂದ ದಿನ ಹಿಂದ ಉಳದೀ. ನಾಳೆನೂ ಉಳದ್ರ ನಾಡದು ನಿಂದ ಮೊದಲ. ಆಗ ನನ್ನ ತಂಗಿ ಬಂದ ಅಡ್ಡ ಬಿದ್ರೂ ನಿಂದ ಮೊದಲ. ಕಾಯಿದೇ ಬರೇ ನನ್ನ ತಂಗೀಗೆ ಮಾಡಿಲ್ಲ."

ನೀಲಗಂಗವ್ವ ಲೆಕ್ಕ ಹಾಕಿದಳು. ನವಲಗುಂದದ ಬುದ್ಧಿಗೆ ಅದರಲ್ಲಿ ನುಸುಳುವ ಸಂದಿ ಸದ್ಯಕ್ಕೆ ಕಾಣಲಿಲ್ಲ. "ಒಪ್ಪಿದೆ" ಎಂದು ಹೊರಟಳು. ಹೊರಡುವಾಗ ತಿರುಗಿ, "ಖಾರ ತರೋರು ತಮ್ಮ ತಮ್ಮ ಕಲ್ಲು ತೊಳಿಯೋ ಜೋಳಾನೂ ತಾವ ತರಲಿ ಅಂತ ಹೇಳ್ರಿ. ದಿನಾ ನೀವ ತಿನ್ನಾಕ ಆಗತೈತೇನು?" ಎಂದಳು.

"ಅದನ್ನ ನಾ ಹೇಳಾಕಿನ ಇದ್ದೆ" ಎಂದಳು ಕೆಂಚವ್ವ. ಇರಲಿಲ್ಲ. ಆದರೆ ಆ ಗಳಿಗೆಯಿಂದ ಅದು ಅವಳ ಆ ದಿನದ ಮೂರನೆಯ ಕಾಯಿದೆ. ಮುಂದೆ ಊರಿನ ಮಾಳಿಗೆಗಳ ಮೇಲಿನ ಮೆಣಸಿನಕಾಯಿ ಒಣಗಿ ಇಳಿದಾಗ, ಗುರುವಾರ ಖಾರದ ದಿನ, ಎಲ್ಲರ ಖಾರ ಒಟ್ಟಿಗೆ, ತೊಳೆಯುವ ಜೋಳ ಅವರವರದು ಎಂದು ನಿಗದಿಯಾಯಿತು. ಒಂದು ದಿನದ ಘಾಟಿಗೆ ಇಡೀ ವಾರದ ಬಿಳಿ ಉಳಿಯಿತು.

ಆ ಸಂಜೆ ಕೆಂಚವ್ವನ ಮನೆಯಲ್ಲಿ ಗುಲಾಬಿ ರೊಟ್ಟಿ. ಮಗ ಒಂದು ತುತ್ತು ತಿಂದು ಹೊಲದಲ್ಲಿ ಕೆಲಸವಿದೆಯೆಂದು ಎದ್ದುಹೋದ. ಸೊಸೆ ಮೊದಲ ಸಲ ಅತ್ತೆಯ ಎದುರು ಅತ್ತಳು, ಅದೂ ಯಾರೂ ಬೈಯದೆ. ಕೆಂಚವ್ವ ಮಾತ್ರ ತನ್ನ ಪಾಲಿನ ಮೂರನ್ನೂ ತಿಂದು, ನೆಗಡಿಗೆ ಒಳ್ಳೆಯದೆಂದು ಹೇಳಿ, ನೀರಿನ ಕೊಡದ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು.

ಶುಕ್ರವಾರ ಕಲಘಟಗಿಯ ಬೀಗರು ಬಂದರು. ಬೀಗಿತ್ತಿ ಡಬ್ಬಿಯ ಮುಚ್ಚಳ ತೆಗೆದು ಖಾರದ ವಾಸನೆ ನೋಡಿ, ಒಂದು ಚಿಟಿಕೆ ನಾಲಿಗೆಗೆ ಇಟ್ಟು, ಕಣ್ಣು ಮುಚ್ಚಿ ತಲೆ ಆಡಿಸಿದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ಆ ಸೀಮೆಯಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ. ಮಧ್ಯಾಹ್ನದ ಬಸ್ಸಿಗೆ ಸಾವಕ್ಕ ಕೂಸನ್ನು ಎದೆಗವಚಿ ಹತ್ತಿದಳು. ಖಾರದ ಡಬ್ಬಿ ಬೀಗಿತ್ತಿಯ ತೊಡೆಯ ಮೇಲೆ ಕೂತು ಹೋಯಿತು, ಕೆಳಗೆ ಇಡಲು ಅವಳು ಒಪ್ಪಲಿಲ್ಲ.

ಬಸ್ಸು ಕಳಿಸಿ ಮಲ್ಲಕ್ಕ ನೇರ ಅಕ್ಕನ ಮನೆಗೆ ಬಂದಳು. ಕೈಯಲ್ಲಿ ಒಂದು ಗಡಿಗೆ ಮೊಸರು. ಕೆಂಚವ್ವ ಒಲೆಯ ಮುಂದೆ ಕೂತು ಆ ಹೊತ್ತಿನ ಗುಲಾಬಿ ರೊಟ್ಟಿಯನ್ನು ದಿಟ್ಟಿಸುತ್ತಿದ್ದಳು.

"ಇನ್ನ ಎಷ್ಟ ದಿವಸದ್ದ ಐತಿ ಆ ಹಿಟ್ಟು?" ಎಂದಳು ಮಲ್ಲಕ್ಕ.

"ಒಂದ ವಾರದ್ದು."

ಮಲ್ಲಕ್ಕ ಗಡಿಗೆ ಕೆಳಗಿಟ್ಟಳು, ಅಕ್ಕನ ಪಕ್ಕ ಕೂತಳು, ತಾಟು ತನ್ನ ಕಡೆ ಎಳೆದುಕೊಂಡು ರೊಟ್ಟಿಯನ್ನು ಎರಡಾಗಿ ಮುರಿದಳು. ದೊಡ್ಡ ಭಾಗ ತನಗೆ ಇಟ್ಟುಕೊಂಡಳು.

"ಸಣ್ಣದ ಮೊದಲ ಬೇ" ಎಂದಳು ಕೆಂಚವ್ವ, ತನ್ನ ತುಂಡು ಎತ್ತಿ ಮೊಸರಿನಲ್ಲಿ ಮುಳುಗಿಸುತ್ತ.

"ತಿನ್ನ ಸುಮ್ಮನ" ಎಂದಳು ಮಲ್ಲಕ್ಕ.